ಅಕೌಂಟ್ ಬಂದ್ ಆಯ್ತು, ದುಡ್ಡು ಒಳಗೇ ಉಳೀತು: ಸಣ್ಣ ಆ್ಯಪ್‌ಗಳ ಷರತ್ತಿನಲ್ಲಿ ಓದಲೇಬೇಕಾದ ಮೂರು ಜಾಗ

ಶಿರಸಿ: ಮನೆಯಲ್ಲೇ ಹಲಸಿನ ಹಪ್ಪಳ, ಮಾವಿನ ಮಿಡಿ ಉಪ್ಪಿನಕಾಯಿ ಮಾಡಿ ಮಾರುವವರು ಈಗ ವಾಟ್ಸ್‌ಆ್ಯಪ್ ಒಂದನ್ನೇ ನಂಬಿ ಕೂತಿಲ್ಲ. ಊರಿನವರೇ ಮಾಡಿದ ಸಣ್ಣ ಆ್ಯಪ್‌ಗಳಲ್ಲೂ ಅಂಗಡಿ ತೆರೆಯುತ್ತಿದ್ದಾರೆ. ಆ್ಯಪ್ ಹಾಕಿಕೊಳ್ಳುವಾಗ ‘ಬಳಕೆಯ ಷರತ್ತುಗಳನ್ನು ಒಪ್ಪುತ್ತೇನೆ’ ಎಂಬ ಚೌಕಕ್ಕೆ ಟಿಕ್ ಹಾಕಿ ಮುಂದೆ ಹೋಗುವುದು ಎಲ್ಲರ ರೂಢಿ. ಉದ್ದದ ಆ ಇಂಗ್ಲಿಷ್ ಪುಟವನ್ನು ಪೂರ್ತಿ ಓದುವವರು ಕಡಿಮೆ. ಪೂರ್ತಿ ಓದಲು ಆಗದಿದ್ದರೆ ಅದರಲ್ಲಿ ಮೂರು ಜಾಗವನ್ನಾದರೂ ಹುಡುಕಿ ಓದಬೇಕು: ಅಕೌಂಟ್ ಅಮಾನತು, ಬಳಕೆದಾರರು ಹಾಕಿದ ಫೋಟೋ ಮತ್ತು ಬರಹದ ಹಕ್ಕು, ಹೊಣೆ ನಿರಾಕರಣೆ. ದುಡ್ಡು ಯಾರ ಕೈಲಿ ಉಳಿಯುತ್ತದೆ, ಫೋಟೋ ಎಲ್ಲೆಲ್ಲಿ ಹೋಗುತ್ತದೆ, ನಷ್ಟ ಯಾರ ತಲೆಗೆ ಬರುತ್ತದೆ ಎಂಬುದನ್ನು ಆ್ಯಪ್‌ನವರು ಬರೆದಿಡುವುದು ಈ ಮೂರು ಕಡೆಯೇ.

ಇನ್ನೊಂದು ಮಾತು. ಷರತ್ತಿನಲ್ಲಿ ಬರೆದದ್ದೆಲ್ಲ ಕಾನೂನು ಆಗಿಬಿಡುವುದಿಲ್ಲ. ಅದು ಇಬ್ಬರ ನಡುವಿನ ಒಪ್ಪಂದ, ಒಪ್ಪಂದದ ಮೇಲೆ ದೇಶದ ಕಾಯ್ದೆಗಳಿವೆ. ಎಲ್ಲಿ ಷರತ್ತು ನಿಲ್ಲುತ್ತದೆ, ಎಲ್ಲಿ ಬೀಳುತ್ತದೆ ಎಂಬುದು ಒಂದು ಉದಾಹರಣೆ ಹಿಡಿದು ನೋಡಿದರೆ ಸುಲಭವಾಗಿ ತಿಳಿಯುತ್ತದೆ.

ಒಂದು ಕಲ್ಪಿತ ಉದಾಹರಣೆ

ಶಿರಸಿ ಹತ್ತಿರದ ಹಳ್ಳಿಯ ಗೃಹಿಣಿಯೊಬ್ಬರು ಸಣ್ಣ ಆ್ಯಪ್ ಒಂದರಲ್ಲಿ ಹಪ್ಪಳ, ಉಪ್ಪಿನಕಾಯಿ ಮಾರುತ್ತಾರೆ ಎಂದುಕೊಳ್ಳಿ. ಗಿರಾಕಿ ದುಡ್ಡು ಕೊಡುವುದು ಆ್ಯಪ್‌ಗೆ. ಆ್ಯಪ್‌ನವರು ಶೇ 10 ಕಮಿಷನ್ ಹಿಡಿದುಕೊಂಡು ಉಳಿದದ್ದನ್ನು ವಾರಕ್ಕೊಮ್ಮೆ ಬ್ಯಾಂಕಿಗೆ ಹಾಕುತ್ತಾರೆ. ದಸರೆಗೆ ಮುಂಚಿನ ವಾರ 360 ರೂ. ಬೆಲೆಯ 12 ಡಬ್ಬಿ ಹೋಗಿವೆ. ಒಟ್ಟು 4,320 ರೂ. ಕಮಿಷನ್ 432 ರೂ. ಕಳೆದರೆ ಅವರಿಗೆ ಬರಬೇಕಾದ್ದು 3,888 ರೂ.

ಅಷ್ಟರಲ್ಲಿ ಯಾರೋ ಒಬ್ಬರು ‘ಡಬ್ಬಿಯಲ್ಲಿ ಬೂಸ್ಟು ಬಂದಿತ್ತು’ ಎಂದು ದೂರು ಕೊಟ್ಟಿದ್ದಾರೆ. ಮಾರನೇ ದಿನ ಆ್ಯಪ್ ತೆರೆದರೆ ‘ನಿಮ್ಮ ಅಕೌಂಟ್ ಅಮಾನತಾಗಿದೆ’ ಎಂಬ ಒಂದೇ ಸಾಲು. ಕಾರಣ ಇಲ್ಲ. ಫೋನ್ ಮಾಡಿದರೆ, ‘ಅಕ್ಕಾ, ಅದು ಮೇಲಿಂದಲೇ ಬಂದ್ ಆಗಿದೆ, ನಮ್ಮ ಕೈಲಿ ಏನೂ ಇಲ್ಲ’ ಎಂಬ ಉತ್ತರ. ದುಡ್ಡು ಒಳಗೆ, ಇವರು ಹೊರಗೆ.

ಮೊದಲ ಜಾಗ: ಅಕೌಂಟ್ ಅಮಾನತು

ಬಹಳಷ್ಟು ಆ್ಯಪ್‌ಗಳ ಷರತ್ತಿನಲ್ಲಿ ಈ ಅರ್ಥದ ಸಾಲೊಂದು ಇರುತ್ತದೆ: ‘ಯಾವುದೇ ಕಾರಣಕ್ಕೆ ಅಥವಾ ಕಾರಣವಿಲ್ಲದೆ, ಮುನ್ಸೂಚನೆ ಕೊಡದೆ, ನಮ್ಮ ವಿವೇಚನೆಯಂತೆ ನಿಮ್ಮ ಅಕೌಂಟನ್ನು ನಿಲ್ಲಿಸುವ ಹಕ್ಕು ನಮಗಿದೆ. ಖಾತೆಯಲ್ಲಿರುವ ಬಾಕಿ ಮುಟ್ಟುಗೋಲಾಗುತ್ತದೆ.’ ಇದರಲ್ಲಿ ಎರಡು ಬೇರೆ ಬೇರೆ ವಿಷಯಗಳಿವೆ. ಒಂದು ಅಕೌಂಟ್ ನಿಲ್ಲಿಸುವುದು, ಇನ್ನೊಂದು ದುಡ್ಡು ಇಟ್ಟುಕೊಳ್ಳುವುದು. ಇವನ್ನು ಬಿಡಿಸಿ ನೋಡಬೇಕು.

ಅಕೌಂಟ್ ನಿಲ್ಲಿಸುವ ಹಕ್ಕು ಆ್ಯಪ್‌ನವರಿಗೆ ಇದೆ. ಕೇಂದ್ರ ಸರ್ಕಾರದ 2021ರ ಮಾಹಿತಿ ತಂತ್ರಜ್ಞಾನ ನಿಯಮಗಳೇ ಅದನ್ನು ಹೇಳುತ್ತವೆ. ನಿಯಮ ಮುರಿದವರ ಬಳಕೆಯನ್ನು ತಕ್ಷಣ ನಿಲ್ಲಿಸುವ, ಅವರು ಹಾಕಿದ್ದನ್ನು ತೆಗೆಯುವ ಹಕ್ಕು ತಮಗಿದೆ ಎಂದು ಕಾಲಕಾಲಕ್ಕೆ ಬಳಕೆದಾರರಿಗೆ ತಿಳಿಸಬೇಕು ಎಂಬುದು ಅಲ್ಲಿನ ಸೂಚನೆ. ಆದರೆ ಗಮನಿಸಿ, ಆ ಹಕ್ಕು ಇರುವುದು ‘ನಿಯಮ ಮುರಿದಾಗ’. ‘ಕಾರಣವಿಲ್ಲದೆ’ ಎಂಬುದು ಆ್ಯಪ್‌ನವರು ಸೇರಿಸಿಕೊಂಡ ಮಾತು.

ದೊಡ್ಡ ಸಾಮಾಜಿಕ ಜಾಲತಾಣಗಳಿಗೆ, ಅಂದರೆ ದೇಶದಲ್ಲಿ 50 ಲಕ್ಷಕ್ಕಿಂತ ಹೆಚ್ಚು ನೋಂದಾಯಿತ ಬಳಕೆದಾರರಿರುವ ಕಂಪನಿಗಳಿಗೆ, ಇನ್ನೂ ಒಂದು ಕಟ್ಟುಪಾಡಿದೆ. ತಾವಾಗಿಯೇ ಒಬ್ಬರ ಪೋಸ್ಟ್ ತೆಗೆಯುವಾಗ ಕಾರಣ ತಿಳಿಸಬೇಕು, ಆಕ್ಷೇಪ ಹೇಳಲು ಅವಕಾಶ ಕೊಡಬೇಕು. ಕೆಲವು ಸಾವಿರ ಜನ ಬಳಸುವ ತಾಲ್ಲೂಕು ಮಟ್ಟದ ಆ್ಯಪ್‌ಗೆ ಈ ಹೆಚ್ಚುವರಿ ಕಟ್ಟುಪಾಡು ಬರುವುದಿಲ್ಲ. ಹಾಗಾಗಿ ಸಣ್ಣ ಆ್ಯಪ್‌ನಲ್ಲಿ ಷರತ್ತಿನ ಮಾತು ಇನ್ನೂ ಮುಖ್ಯ. ನೋಟಿಸ್ ಕೊಡುತ್ತೇವೆ ಎಂದು ಅಲ್ಲಿ ಬರೆದಿದ್ದರೆ ಅದನ್ನೇ ಹಿಡಿದು ಕೇಳಬಹುದು. ಬರೆದಿಲ್ಲದಿದ್ದರೆ ಬೇರೆ ದಾರಿ ಹುಡುಕಬೇಕು.

ಆ ದಾರಿ ಕುಂದುಕೊರತೆ ಅಧಿಕಾರಿ. ಜನ ಹಾಕಿದ ಫೋಟೋ, ಬರಹ, ಜಾಹೀರಾತನ್ನು ತೋರಿಸುವ ಮಧ್ಯವರ್ತಿ ಆ್ಯಪ್ ಸಣ್ಣದಿರಲಿ ದೊಡ್ಡದಿರಲಿ, ಈ ಅಧಿಕಾರಿಯ ಹೆಸರು ಮತ್ತು ಸಂಪರ್ಕ ವಿವರವನ್ನು ಆ್ಯಪ್‌ನಲ್ಲೋ ವೆಬ್‌ಸೈಟ್‌ನಲ್ಲೋ ಕಾಣುವಂತೆ ಹಾಕಬೇಕು. ದೂರು ಬಂದ 24 ಗಂಟೆಯೊಳಗೆ ‘ತಲುಪಿದೆ’ ಎಂದು ಉತ್ತರಿಸಬೇಕು. ಪರಿಹಾರಕ್ಕೆ 2021ರಲ್ಲಿ ನಿಯಮ ಬಂದಾಗ ಇಟ್ಟ ಗಡುವು 15 ದಿನ. ಈ ನಿಯಮಗಳಿಗೆ ಆಗಾಗ ತಿದ್ದುಪಡಿ ಬರುವುದರಿಂದ ದೂರು ಕೊಡುವ ದಿನ ಚಾಲ್ತಿಯಲ್ಲಿರುವ ಗಡುವನ್ನು ನೋಡಿಕೊಳ್ಳುವುದು ಒಳ್ಳೆಯದು. ಫೋನಿನಲ್ಲಿ ಮಾತಾಡುವ ಸಿಬ್ಬಂದಿ ಈ ಅಧಿಕಾರಿ ಅಲ್ಲ. ಫೋನಿನಲ್ಲಿ ಹೇಳಿದ್ದಕ್ಕೆ ದಾಖಲೆಯೂ ಇರುವುದಿಲ್ಲ. ಆದ್ದರಿಂದ ದೂರು ಇಮೇಲ್‌ನಲ್ಲಿ ಹೋಗಬೇಕು. ಉದಾಹರಣೆಯ ಗೃಹಿಣಿ ಹೀಗೆ ಬರೆಯಬಹುದು:

‘ನನ್ನ ಮಾರಾಟ ಖಾತೆಯನ್ನು ಇಂಥ ದಿನಾಂಕದಂದು ಅಮಾನತು ಮಾಡಿದ್ದೀರಿ. ಕಾರಣ ತಿಳಿಸಿಲ್ಲ. ನಿಮ್ಮ ಷರತ್ತಿನ ಯಾವ ಕಲಂ ಮುರಿದಿದ್ದೇನೆ, ಯಾವ ಆರ್ಡರ್ ಬಗ್ಗೆ ದೂರು ಬಂದಿದೆ ಎಂದು ಲಿಖಿತವಾಗಿ ತಿಳಿಸಿ. ವಿವಾದವಿಲ್ಲದ 11 ಆರ್ಡರ್‌ಗಳ ಹಣ 3,564 ರೂ. ತಕ್ಷಣ ಬಿಡುಗಡೆ ಮಾಡಿ. ಖಾತೆಯ ದಾಖಲೆಗಳನ್ನು ಅಳಿಸಬೇಡಿ.’

ಇದರಲ್ಲಿ 3,564 ಎಂಬ ಲೆಕ್ಕ ಮುಖ್ಯ. ದೂರು ಬಂದಿರುವುದು ಒಂದು ಡಬ್ಬಿಯ ಬಗ್ಗೆ. ಕಮಿಷನ್ ಕಳೆದು ಅದರ ಪಾಲು 324 ರೂ. ವಿಚಾರಣೆ ಮುಗಿಯುವವರೆಗೆ ಅಷ್ಟನ್ನು ತಡೆಹಿಡಿದರೆ ಅದಕ್ಕೊಂದು ಅರ್ಥವಿದೆ. ಉಳಿದ 11 ಡಬ್ಬಿಯ ದುಡ್ಡು ಹಿಡಿಯಲು ಕಾರಣವೇ ಇಲ್ಲ. ‘ಬಾಕಿ ಮುಟ್ಟುಗೋಲು’ ಎಂಬ ಷರತ್ತಿದ್ದರೂ 1872ರ ಭಾರತೀಯ ಕರಾರು ಕಾಯ್ದೆಯ ಸೆಕ್ಷನ್ 74ರ ಪ್ರಕಾರ, ಕರಾರು ಮುರಿದವರಿಂದ ಸಿಗುವುದು ನ್ಯಾಯಯುತ ಪರಿಹಾರ ಮಾತ್ರ. ಬರೆದಿಟ್ಟ ದಂಡದ ಮೊತ್ತ ಅದಕ್ಕೆ ಮೇಲಿನ ಮಿತಿ, ಅಷ್ಟನ್ನೂ ಕೊಡಲೇಬೇಕು ಎಂದಲ್ಲ. ಒಂದು ಡಬ್ಬಿಗೆ ಬೂಸ್ಟು ಬಂದದ್ದು ನಿಜವೇ ಆಗಿದ್ದರೂ 12 ಡಬ್ಬಿಯ ದುಡ್ಡು ನುಂಗುವುದು ನ್ಯಾಯಯುತ ಪರಿಹಾರ ಎನ್ನಿಸಿಕೊಳ್ಳುವುದು ಕಷ್ಟ.

ದಾಖಲೆ ಅಳಿಸಬೇಡಿ ಎಂದು ಕೇಳುವುದಕ್ಕೂ ಆಧಾರವಿದೆ. ನೋಂದಣಿಗಾಗಿ ಪಡೆದ ಮಾಹಿತಿಯನ್ನು, ನೋಂದಣಿ ರದ್ದಾದ ಮೇಲೂ 180 ದಿನ ಇಟ್ಟುಕೊಳ್ಳಬೇಕು ಎನ್ನುತ್ತವೆ 2021ರ ನಿಯಮಗಳು. ಆದರೂ ಆರ್ಡರ್ ಪಟ್ಟಿ, ಪಾವತಿ ವಿವರ ಮತ್ತು ಅಂದಿನ ಷರತ್ತಿನ ಪುಟದ ಸ್ಕ್ರೀನ್‌ಶಾಟ್‌ಗಳನ್ನು ಮಾರುವವರೇ ಇಟ್ಟುಕೊಂಡಿರಬೇಕು. ಅಕೌಂಟ್ ಬಂದ್ ಆದ ಮೇಲೆ ಆ ಪುಟಗಳು ತೆರೆಯದೇ ಇರಬಹುದು. ಅದಕ್ಕೇ ತಿಂಗಳಿಗೊಮ್ಮೆ ಸ್ಕ್ರೀನ್‌ಶಾಟ್ ತೆಗೆದು ತಮ್ಮ ಇಮೇಲ್‌ಗೆ ತಾವೇ ಕಳಿಸಿಕೊಂಡರೆ ಸಾಕು, ತಾರೀಖಿನ ಸಮೇತ ಉಳಿಯುತ್ತದೆ.

ಕುಂದುಕೊರತೆ ಅಧಿಕಾರಿಯ ತೀರ್ಮಾನ ಒಪ್ಪಿಗೆಯಾಗದಿದ್ದರೆ ಕೇಂದ್ರ ಸರ್ಕಾರದ ಕುಂದುಕೊರತೆ ಮೇಲ್ಮನವಿ ಸಮಿತಿ ಇದೆ. 2022ರ ತಿದ್ದುಪಡಿಯಲ್ಲಿ ಬಂದ ವ್ಯವಸ್ಥೆ ಇದು. ಅಧಿಕಾರಿಯ ಉತ್ತರ ಕೈಸೇರಿದ 30 ದಿನದೊಳಗೆ gac.gov.in ತಾಣದಲ್ಲಿ ಆನ್‌ಲೈನ್‌ನಲ್ಲೇ ಅರ್ಜಿ ಹಾಕಬೇಕು. ದೆಹಲಿಗೆ ಓಡಬೇಕಿಲ್ಲ. ಆದರೆ ಈ ಸಮಿತಿ ನೋಡುವುದು ಆ್ಯಪ್‌ನವರು ನಿಯಮದಂತೆ ನಡೆದುಕೊಂಡರೇ ಎಂಬುದನ್ನು. ದುಡ್ಡು ವಸೂಲಿ ಮಾಡಿಕೊಡುವುದು ಅದರ ಕೆಲಸವಲ್ಲ. ಅದಕ್ಕೆ ವಕೀಲರ ನೋಟಿಸ್, ಆಮೇಲೆ ಸಿವಿಲ್ ಕೋರ್ಟ್.

ಗ್ರಾಹಕ ಆಯೋಗಕ್ಕೆ ಹೋಗಬಹುದಲ್ಲ ಎಂದು ಕೇಳುವವರಿದ್ದಾರೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ‘ಅನ್ಯಾಯದ ಒಪ್ಪಂದ’ ಎಂಬ ವಿವರಣೆ ಇದೆ. ಸರಿಯಾದ ಕಾರಣವಿಲ್ಲದೆ ಒಂದೇ ಕಡೆಯವರು ಒಪ್ಪಂದ ಮುರಿಯಲು ಬಿಡುವ ಷರತ್ತು ಅದರಲ್ಲಿ ಸ್ಪಷ್ಟವಾಗಿ ಸೇರಿದೆ. ಇಲ್ಲಿ ಎರಡು ತೊಡಕು. ಅನ್ಯಾಯದ ಒಪ್ಪಂದದ ದೂರು ಜಿಲ್ಲಾ ಆಯೋಗಕ್ಕೆ ಹೋಗುವುದಿಲ್ಲ, ರಾಜ್ಯ ಆಯೋಗಕ್ಕೇ ಹೋಗಬೇಕು. ಜೊತೆಗೆ, ಆ್ಯಪ್ ಬಳಸಿದ್ದು ವ್ಯಾಪಾರಕ್ಕೆ, ಹಾಗಾಗಿ ಮಾರುವವರು ಗ್ರಾಹಕರೇ ಅಲ್ಲ ಎಂದು ಎದುರು ಕಡೆಯವರು ವಾದಿಸಬಹುದು. 3,888 ರೂಪಾಯಿಗೆ ಆ ದಾರಿ ಹಿಡಿಯುವ ಮುನ್ನ ವಕೀಲರನ್ನು ಕೇಳುವುದು ಲೇಸು. ಕೊಳ್ಳುವವರ ಕಥೆ ಬೇರೆ, ಅದು ಮೂರನೇ ಜಾಗದಲ್ಲಿ ಬರುತ್ತದೆ.

ಎರಡನೇ ಜಾಗ: ಹಾಕಿದ ಫೋಟೋ ಯಾರದು?

ಅದೇ ಗೃಹಿಣಿ ಹಪ್ಪಳ ಒಣಗಿಸುವ ಅಂಗಳದ ಚೆಂದದ ಫೋಟೋ ಹಾಕಿದ್ದರು. ಅಕೌಂಟ್ ಬಂದ್ ಆದ ಎರಡು ತಿಂಗಳಿಗೆ ಅದೇ ಫೋಟೋ ಆ್ಯಪ್‌ನ ಬ್ಯಾನರ್ ಮೇಲೆ ಬಂತು ಎಂದುಕೊಳ್ಳಿ. ಮಾಲೀಕರನ್ನೇ ಹೊರಗೆ ಹಾಕಿ ಅವರ ಫೋಟೋದಲ್ಲಿ ಜಾಹೀರಾತು ಮಾಡಬಹುದೇ?

ಮೊದಲು ಫೋಟೋ ಯಾರದು ಎಂದು ನೋಡಬೇಕು. 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಫೋಟೋದ ಕರ್ತೃ ಅದನ್ನು ತೆಗೆದವರು. ಗೃಹಿಣಿ ತಮ್ಮ ಮೊಬೈಲಿನಲ್ಲಿ ತಾವೇ ತೆಗೆದಿದ್ದರೆ ಹಕ್ಕು ಅವರದೇ. ಸ್ಟುಡಿಯೋದವರಿಗೆ ದುಡ್ಡು ಕೊಟ್ಟು ತೆಗೆಸಿದ್ದರೆ, ಬೇರೆ ಒಪ್ಪಂದ ಇಲ್ಲದಿದ್ದಾಗ, ದುಡ್ಡು ಕೊಟ್ಟು ತೆಗೆಸಿದವರೇ ಮೊದಲ ಹಕ್ಕುದಾರರು. ಪಕ್ಕದ ಮನೆಯ ಹುಡುಗ ಪುಕ್ಕಟೆ ತೆಗೆದುಕೊಟ್ಟಿದ್ದರೆ ಹಕ್ಕು ಆ ಹುಡುಗನದು, ಅವನ ಒಪ್ಪಿಗೆ ಬೇಕು. ಗೂಗಲ್‌ನಿಂದ ಎತ್ತಿಕೊಂಡ ಫೋಟೋ ಆಗಿದ್ದರೆ ಕೇಳುವ ಬಾಯೇ ಇರುವುದಿಲ್ಲ. ಅಷ್ಟೇ ಅಲ್ಲ, ಅಕೌಂಟ್ ನಿಲ್ಲಿಸಲು ಅದೇ ಒಂದು ಕಾರಣವಾಗಬಹುದು.

ಹಕ್ಕು ತಮ್ಮದಾಗಿದ್ದರೂ ಷರತ್ತು ಒಪ್ಪಿದಾಗ ಆ್ಯಪ್‌ಗೆ ಬಳಸುವ ಅನುಮತಿ ಹೋಗಿರುತ್ತದೆ. ಇದರಲ್ಲಿ ತಪ್ಪೇನಿಲ್ಲ. ಅನುಮತಿ ಇಲ್ಲದಿದ್ದರೆ ಆ್ಯಪ್‌ನವರು ಆ ಫೋಟೋವನ್ನು ಗಿರಾಕಿಗೆ ತೋರಿಸುವ ಹಾಗೂ ಇಲ್ಲ. ಅನುಮತಿ ಎಷ್ಟು ಅಗಲ ಎಂಬುದೇ ಪ್ರಶ್ನೆ. ಷರತ್ತಿನಲ್ಲಿ ನಾಲ್ಕು ಮಾತು ಹುಡುಕಬೇಕು. ‘ಶಾಶ್ವತ’ ಎಂದಿದ್ದರೆ ಅಕೌಂಟ್ ಹೋದ ಮೇಲೂ ಬಳಸುತ್ತಾರೆ ಎಂದರ್ಥ. ‘ಹಿಂಪಡೆಯಲಾಗದ’ ಎಂದಿದ್ದರೆ ಬೇಡ ಎಂದರೂ ನಿಲ್ಲಿಸುವುದಿಲ್ಲ. ‘ಉಪ ಪರವಾನಗಿ’ ಎಂದಿದ್ದರೆ ಬೇರೆ ಕಂಪನಿಗೂ ಕೊಡಬಹುದು. ‘ಪ್ರಚಾರಕ್ಕಾಗಿ’ ಎಂದಿದ್ದರೆ ಬ್ಯಾನರ್, ಹೋರ್ಡಿಂಗ್ ಎಲ್ಲವೂ ಬಂತು. ಈ ನಾಲ್ಕೂ ಇದ್ದರೆ ಗೃಹಿಣಿ ಬ್ಯಾನರ್ ಬಗ್ಗೆ ಕೇಳುವುದು ಕಷ್ಟ. ‘ಸೇವೆ ನಡೆಸಲು ಬೇಕಾದಷ್ಟು ಮಾತ್ರ’ ಎಂದಿದ್ದರೆ ಬ್ಯಾನರ್ ಅದರಾಚೆ ಹೋಯಿತು, ತೆಗೆಸಬಹುದು.

ಕೆಲವು ಷರತ್ತುಗಳು ಇನ್ನೂ ಮುಂದೆ ಹೋಗಿ ‘ನೀವು ಹಾಕಿದ್ದೆಲ್ಲ ನಮ್ಮ ಸ್ವತ್ತು’ ಎನ್ನುತ್ತವೆ. ಅಷ್ಟು ಸುಲಭಕ್ಕೆ ಹಕ್ಕು ಕೈ ಬದಲಾಗುವುದಿಲ್ಲ. ಕೃತಿಸ್ವಾಮ್ಯ ಕಾಯ್ದೆಯ ಸೆಕ್ಷನ್ 19ರ ಪ್ರಕಾರ ಹಕ್ಕು ವರ್ಗಾವಣೆ ಲಿಖಿತವಾಗಿರಬೇಕು, ಹಕ್ಕುದಾರರ ಸಹಿ ಇರಬೇಕು, ಯಾವ ಕೃತಿ ಎಂದು ಗುರುತಿಸಿರಬೇಕು. ಎಷ್ಟು ವರ್ಷಕ್ಕೆ ಎಂದು ಬರೆಯದಿದ್ದರೆ ಐದು ವರ್ಷ ಎಂದು, ಯಾವ ಪ್ರದೇಶಕ್ಕೆ ಎಂದು ಬರೆಯದಿದ್ದರೆ ಭಾರತಕ್ಕೆ ಮಾತ್ರ ಎಂದು ತಿಳಿಯಲಾಗುತ್ತದೆ. ಮುಂದೆ ಯಾವತ್ತೋ ಹಾಕಲಿರುವ ಫೋಟೋಗಳನ್ನೆಲ್ಲ ಒಂದು ಟಿಕ್‌ನಲ್ಲಿ ತಮ್ಮ ಸ್ವತ್ತು ಮಾಡಿಕೊಂಡೆವು ಎಂಬ ವಾದ ಈ ಸೆಕ್ಷನ್ ಎದುರು ಗಟ್ಟಿಯಾಗಿ ನಿಲ್ಲುವುದಿಲ್ಲ.

ಅಕೌಂಟ್ ತೆಗೆಯುವುದಕ್ಕೂ ಒಂದು ದಾರಿ ಇದೆ. ಗೂಗಲ್ ಪ್ಲೇ ಮತ್ತು ಆ್ಯಪಲ್ ಎರಡೂ, ಆ್ಯಪ್ ಒಳಗೆ ಅಕೌಂಟ್ ತೆರೆಯಲು ಅವಕಾಶ ಕೊಡುವವರು ಅದನ್ನು ಅಳಿಸಲೂ ಆ್ಯಪ್ ಒಳಗೇ ಅವಕಾಶ ಕೊಡಬೇಕು ಎಂದು ನಿಯಮ ಮಾಡಿವೆ. ಆ ಬಟನ್ ಸೆಟ್ಟಿಂಗ್ಸ್‌ನಲ್ಲಿ ಸಿಗದಿದ್ದರೆ ಸ್ಟೋರ್‌ಗೇ ದೂರು ಕೊಡಬಹುದು. ಆದರೆ ದುಡ್ಡಿನ ವಿವಾದ ಇರುವಾಗ ಅವಸರಪಟ್ಟು ಅಕೌಂಟ್ ಅಳಿಸಬಾರದು. ತಮ್ಮ ಸಾಕ್ಷಿಯನ್ನು ತಾವೇ ಅಳಿಸಿದಂತಾಗುತ್ತದೆ.

ಮೂರನೇ ಜಾಗ: ‘ನಾವು ಹೊಣೆಯಲ್ಲ’

ಈಗ ಕೊಳ್ಳುವವರ ಕಡೆಯಿಂದ ನೋಡೋಣ. ಹುಬ್ಬಳ್ಳಿಯ ಗಿರಾಕಿಯೊಬ್ಬರು 580 ರೂ. ಉಪ್ಪಿನಕಾಯಿ ತರಿಸಿದ್ದಾರೆ, ಸಾಗಾಟಕ್ಕೆ ಆ್ಯಪ್‌ಗೆ 60 ರೂ. ಬೇರೆ ಕೊಟ್ಟಿದ್ದಾರೆ. ಬಾಟಲಿ ಒಡೆದು ಎಣ್ಣೆಯೆಲ್ಲ ಪೆಟ್ಟಿಗೆಗೆ ಇಳಿದಿದೆ. ಆ್ಯಪ್‌ನ ಷರತ್ತು ನೋಡಿದರೆ ದೊಡ್ಡ ಅಕ್ಷರದಲ್ಲಿ, ‘ಸೇವೆ ಹೇಗಿದೆಯೋ ಹಾಗೆ. ಯಾವುದೇ ನಷ್ಟಕ್ಕೆ ನಾವು ಹೊಣೆಯಲ್ಲ. ವಿವಾದಗಳಿಗೆ ಬೆಂಗಳೂರು ನ್ಯಾಯಾಲಯ ಮಾತ್ರ.’

ಹೊಣೆ ನಿರಾಕರಣೆಗೆ ಅದರದೇ ಜಾಗ ಇದೆ. ಮಾರುವವರು ತಪ್ಪು ಮಾಹಿತಿ ಹಾಕಿದ್ದಕ್ಕೆಲ್ಲ ಆ್ಯಪ್‌ನವರನ್ನೇ ಹಿಡಿದರೆ ಯಾರೂ ಆ್ಯಪ್ ನಡೆಸಲಾರರು. 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ ಸೆಕ್ಷನ್ 79 ಇದೇ ಕಾರಣಕ್ಕೆ ಮಧ್ಯವರ್ತಿಗೆ ರಕ್ಷಣೆ ಕೊಡುತ್ತದೆ. ಆದರೆ ಆ ರಕ್ಷಣೆ ಇರುವುದು ಬೇರೆಯವರು ಹಾಕಿದ ಮಾಹಿತಿಗೆ, ಅದೂ ನಿಯಮದಂತೆ ಎಚ್ಚರ ವಹಿಸಿದ್ದರೆ. ಸಾಗಾಟಕ್ಕೆ ತಾವೇ 60 ರೂ. ಪಡೆದು, ತಮ್ಮ ಹುಡುಗನ ಕೈಲಿ ಕಳಿಸಿ, ದಾರಿಯಲ್ಲಿ ಬಾಟಲಿ ಒಡೆದರೆ ಅದು ಬೇರೆಯವರ ಮಾಹಿತಿ ಅಲ್ಲ, ಸ್ವಂತ ಸೇವೆಯ ಕೊರತೆ. ‘ಹೊಣೆಯಲ್ಲ’ ಎಂದು ಬರೆದುಕೊಂಡ ಮಾತ್ರಕ್ಕೆ ಗ್ರಾಹಕ ಕಾಯ್ದೆಯಡಿ ಬರುವ ಹೊಣೆ ಹೋಗುವುದಿಲ್ಲ.

ಇಲ್ಲಿ 60 ರೂ. ರಸೀದಿ ಚಿಕ್ಕದಾದರೂ ದೊಡ್ಡ ಸಾಕ್ಷಿ. ಪೂರ್ತಿ ಪುಕ್ಕಟೆ ಸಿಗುವ ಸೇವೆ ಗ್ರಾಹಕ ಕಾಯ್ದೆಯ ‘ಸೇವೆ’ಯಲ್ಲಿ ಬರುವುದಿಲ್ಲ. ದುಡ್ಡು ಕೊಟ್ಟಿದ್ದಕ್ಕೆ ದಾಖಲೆ ಇದ್ದರೆ ಆ ಆಕ್ಷೇಪ ಬಿದ್ದುಹೋಗುತ್ತದೆ.

‘ಬೆಂಗಳೂರು ಮಾತ್ರ’ ಎಂಬ ಸಾಲಿಗೂ ಹೆದರಬೇಕಿಲ್ಲ. ದೂರುದಾರರು ವಾಸವಿರುವ ಅಥವಾ ಕೆಲಸ ಮಾಡುವ ಜಿಲ್ಲೆಯ ಆಯೋಗದಲ್ಲೇ ದೂರು ಕೊಡಬಹುದು ಎಂದು 2019ರ ಕಾಯ್ದೆಯ ಸೆಕ್ಷನ್ 34 ಹೇಳುತ್ತದೆ. ಹುಬ್ಬಳ್ಳಿಯವರು ಧಾರವಾಡ ಜಿಲ್ಲಾ ಆಯೋಗಕ್ಕೆ ಹೋದರಾಯಿತು. ಕೊಟ್ಟ ಬೆಲೆ 5 ಲಕ್ಷ ರೂ. ಒಳಗಿದ್ದರೆ ಅರ್ಜಿ ಶುಲ್ಕವೂ ಇಲ್ಲ. ಯಾವ ಕೋರ್ಟಿಗೂ ಹೋಗುವಂತಿಲ್ಲ ಎಂದು ಷರತ್ತು ಹೇಳಿದರೆ ಕರಾರು ಕಾಯ್ದೆಯ ಸೆಕ್ಷನ್ 28 ಪ್ರಕಾರ ಆ ಮಟ್ಟಿಗೆ ಅದು ಶೂನ್ಯ.

ಮೊದಲು ಆಯೋಗಕ್ಕೇ ಹೋಗಬೇಕು ಎಂದೇನಿಲ್ಲ. 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ಗ್ರಾಹಕರ ದೂರು ತಲುಪಿದ್ದನ್ನು 48 ಗಂಟೆಯೊಳಗೆ ತಿಳಿಸಿ, ಒಂದು ತಿಂಗಳೊಳಗೆ ಪರಿಹರಿಸಬೇಕು. ಒಡೆದ ಬಾಟಲಿಯ ಫೋಟೋವನ್ನು ಪೆಟ್ಟಿಗೆ ತೆರೆಯುವಾಗಲೇ ತೆಗೆದು, ಆರ್ಡರ್ ನಂಬರ್ ಸಮೇತ ಇಮೇಲ್ ಮಾಡಬೇಕು. ಉತ್ತರ ಬರದಿದ್ದರೆ 1915ಕ್ಕೆ ಕರೆ ಮಾಡಬಹುದು, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. 640 ರೂಪಾಯಿಯ ವಿಷಯಕ್ಕೆ ಈ ದಾರಿಯೇ ಮೊದಲು ನೋಡಬೇಕಾದದ್ದು.

ಆ್ಯಪ್ ಮಾಡುವವರಿಗೂ ಇದು ಲಾಭದ ಮಾತು

ಊರಿನ ಹುಡುಗರು ಆ್ಯಪ್ ಮಾಡುವಾಗ ಷರತ್ತಿನ ಪುಟವನ್ನು ಯಾವುದೋ ದೊಡ್ಡ ಕಂಪನಿಯಿಂದ ನಕಲು ಮಾಡಿ ಅಂಟಿಸುವುದುಂಟು. ಕೆಲವು ಪುಟಗಳಲ್ಲಿ ‘ಕ್ಯಾಲಿಫೋರ್ನಿಯಾ ಕಾನೂನು ಅನ್ವಯ’ ಎಂಬ ಸಾಲು ಹಾಗೇ ಉಳಿದಿರುತ್ತದೆ. ಓದುಗರಿಗೆ ಇದೊಂದು ಸುಲಭದ ಗುರುತು. ಆ ಸಾಲು ಕಂಡರೆ ಷರತ್ತನ್ನು ಆ್ಯಪ್‌ನವರೂ ಓದಿಲ್ಲ ಎಂದು ತಿಳಿಯಬಹುದು.

ನಕಲಿನ ಬದಲು ನಾಲ್ಕು ಸಾಲು ಸ್ವಂತದ್ದು ಬರೆದರೆ ಸಾಕು. ಉದಾಹರಣೆಗೆ: ‘ದೂರು ಬಂದರೆ ಕಾರಣ ತಿಳಿಸಿ 7 ದಿನ ಉತ್ತರಕ್ಕೆ ಸಮಯ ಕೊಡುತ್ತೇವೆ. ಆರೋಗ್ಯಕ್ಕೆ ಅಪಾಯ ಅಥವಾ ಮೋಸದ ಅನುಮಾನ ಇದ್ದರೆ ಮಾತ್ರ ಮೊದಲೇ ನಿಲ್ಲಿಸಿ, ಆಮೇಲೆ ಕಾರಣ ತಿಳಿಸುತ್ತೇವೆ. ವಿವಾದವಿರುವ ಆರ್ಡರ್ ಬಿಟ್ಟು ಉಳಿದ ಹಣ ಎಂದಿನ ದಿನವೇ ಕೊಡುತ್ತೇವೆ. ನಿಮ್ಮ ಫೋಟೋವನ್ನು ನಿಮ್ಮ ಅಂಗಡಿ ತೋರಿಸಲು ಮಾತ್ರ ಬಳಸುತ್ತೇವೆ, ಜಾಹೀರಾತಿಗೆ ಬೇಕಾದರೆ ಕೇಳುತ್ತೇವೆ.’ ಜಗಳ ಬಂದಾಗ ಇಂಥ ಸಾಲು ಆ್ಯಪ್‌ನವರನ್ನೂ ಕಾಯುತ್ತದೆ. ಕಾರಣ ಕೊಟ್ಟು, ಸಮಯ ಕೊಟ್ಟು ನಿಲ್ಲಿಸಿದ ಅಕೌಂಟಿನ ಬಗ್ಗೆ ಯಾರೂ ‘ಕಾರಣವಿಲ್ಲದೆ’ ಎಂದು ದೂರಲು ಬರುವುದಿಲ್ಲ.

ಭಾಷೆಯ ವಿಷಯವೂ ಇದೆ. 2022ರ ತಿದ್ದುಪಡಿಯ ನಂತರ ಮಧ್ಯವರ್ತಿ ಆ್ಯಪ್‌ಗಳು ತಮ್ಮ ನಿಯಮ, ಖಾಸಗಿತನದ ನೀತಿ ಮತ್ತು ಬಳಕೆದಾರರ ಒಪ್ಪಂದವನ್ನು ಇಂಗ್ಲಿಷ್‌ನಲ್ಲಿ ಅಥವಾ ಸಂವಿಧಾನದ ಎಂಟನೇ ಪರಿಚ್ಛೇದದ ಭಾಷೆಯಲ್ಲಿ, ಬಳಕೆದಾರರು ಆಯ್ದುಕೊಂಡ ಭಾಷೆಯಲ್ಲಿ ಸಿಗುವಂತೆ ಮಾಡಬೇಕು. ಎಂಟನೇ ಪರಿಚ್ಛೇದದಲ್ಲಿ ಕನ್ನಡ ಇದೆ. ‘ಷರತ್ತು ಕನ್ನಡದಲ್ಲಿ ಕೊಡಿ’ ಎಂದು ಕುಂದುಕೊರತೆ ಅಧಿಕಾರಿಗೆ ಒಂದು ಇಮೇಲ್ ಬರೆಯಲು ಅಕೌಂಟ್ ಬಂದ್ ಆಗುವವರೆಗೆ ಕಾಯಬೇಕಿಲ್ಲ. ಮೊದಲ ಡಬ್ಬಿ ಹಪ್ಪಳ ಮಾರಾಟಕ್ಕೆ ಹಾಕುವ ಮುಂಚೆಯೇ ಕೇಳಬಹುದು.